ಅಜ್ಜಿ ಬಂದಳೋ, ಬಂದರೋ

ಹೋದ ವರ್ಷ ನಮ್ಮೂರ ಪ್ರೌಢಶಾಲೆಗೆ 50 ತುಂಬಿತು. ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತರೋಣ ಅಂತ ಗಟ್ಟಿ ಮಾಡಿದರು. ಬಂದ ಬರಹಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಹಿಂದೆ ಕೆಲವು ವರ್ಷ ಒಂದು ಪತ್ರಿಕೆಯಲ್ಲಿ ಕರಡು ತಿದ್ದಿದ್ದೆ, ಅದೇ ತಪ್ಪಾಯಿತು. ಮೂವತ್ತು ಚಿಲ್ಲರೆ ಬರಹ ಬಂದವು. ಕೈಬರಹದ ಹಾಳೆ ನಾಲ್ಕು, ಮಿಕ್ಕಿದ್ದೆಲ್ಲ ವಾಟ್ಸಾಪಿನಲ್ಲಿ. ಕಾಗುಣಿತದ ತಪ್ಪು, ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಬೇಕಾದಷ್ಟಿದ್ದವು. ಅವು ನನಗೆ ಹಳೆ ನೆಂಟರು, ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟಿದ್ದು ಒಂದೂ ಕಾಗುಣಿತದ ತಪ್ಪಿಲ್ಲದ ಒಂದು ಬರಹ. ಇಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ತನ್ನ ಅಜ್ಜಿಯ ಬಗ್ಗೆ ಬರೆದಿದ್ದ. ಓದುತ್ತಾ ಹೋದಂತೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಆಗುತ್ತಿತ್ತು. ಕಲ್ಲು ಎಲ್ಲಿದೆ ಅಂತ ಹುಡುಕಿದರೆ ಮೊದಲಿಗೆ ಕಾಣಿಸಲೇ ಇಲ್ಲ.

ಅದರ ಶುರುವಿನ ಸಾಲುಗಳು ಹೀಗಿದ್ದವು. ಹುಡುಗನ ಒಪ್ಪಿಗೆ ಕೇಳಿಯೇ ಹಾಕುತ್ತಿದ್ದೇನೆ.

"ನನ್ನ ಅಜ್ಜಿಯವರು ನನ್ನ ಜೀವನದಲ್ಲಿ ಒಂದು ವಿಶೇಷ ಸ್ಥಾನವನ್ನು ಹೊಂದಿದ್ದಾರೆ. ಅವಳು ಪ್ರತಿದಿನ ಬೆಳಗ್ಗೆ ಬೇಗ ಎದ್ದು ತನ್ನ ಹಸುಗಳನ್ನು ನೋಡಿಕೊಳ್ತಿದ್ದರು. ಒಂದು ದಿನ ನಾನು ಶಾಲೆಯಿಂದ ತಡವಾಗಿ ಬಂದಾಗ ಅಜ್ಜಿ ಕೇಳಿದಳು, 'ಮೊಮ್ಮಗನೇ, ನೀವು ಏಕೆ ಇಷ್ಟು ಲೇಟಾಗಿ ಬಂದಿದ್ದೀಯಾ? ನಾನು ನಿನಗಾಗಿ ಊಟವನ್ನು ತಯಾರಿಸಿದ್ದೀನಿ ಕಣೋ.'"

ಕರಡು ತಿದ್ದುವವರಿಗೆ ಒಂದು ಚಟ ಇರುತ್ತದೆ. ಮನಸ್ಸಿಗೆ ಏನೋ ಸರಿಬಾರದಿದ್ದರೆ ಸಾಲನ್ನು ಪೂರ್ತಿ ಓದುವುದು ಬಿಟ್ಟು, ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಮೇಲಿಂದ ಕೆಳಗೆ ಓದುತ್ತಾರೆ. ಕನ್ನಡದಲ್ಲಿ ಇದರಿಂದ ಬಹಳ ಗೊತ್ತಾಗುತ್ತದೆ, ಯಾಕೆಂದರೆ ಯಾರು, ಎಷ್ಟು ಜನ, ಎಷ್ಟು ಗೌರವ, ಆಡಿದ್ದೋ ಬರೆದಿದ್ದೋ ಎಲ್ಲವೂ ಕ್ರಿಯಾಪದದ ಬಾಲದಲ್ಲಿ ಬಂದು ಕೂತಿರುತ್ತದೆ. ಹಾಗೆ ಓದಿದೆ. ಹೊಂದಿದ್ದಾರೆ. ನೋಡಿಕೊಳ್ತಿದ್ದರು. ಕೇಳಿದಳು. ಬಂದಿದ್ದೀಯಾ. ತಯಾರಿಸಿದ್ದೀನಿ. ಕಲ್ಲುಗಳು ಒಂದೊಂದಾಗಿ ಸಿಕ್ಕಿದವು.

ಒಂದು ವಾಕ್ಯ, ಮೂರು ಜನ

ಎರಡನೇ ವಾಕ್ಯವನ್ನೇ ತೆಗೆದುಕೊಳ್ಳೋಣ. "ಅವಳು" ಏಕವಚನ. "ತನ್ನ" ಏಕವಚನ. ಆದರೆ ವಾಕ್ಯ ಮುಗಿಯುವ ಹೊತ್ತಿಗೆ ಅಜ್ಜಿ "ನೋಡಿಕೊಳ್ತಿದ್ದರು" ಆಗಿಬಿಟ್ಟಿದ್ದಾಳೆ. ಅವಳು ಅಂತ ಶುರು ಮಾಡಿದವನು "ತಿದ್ದಳು" ಅಂತಲೇ ಮುಗಿಸುತ್ತಾನೆ. ಅವರು ಅಂತ ಶುರು ಮಾಡಿದವನು "ತಮ್ಮ ಹಸುಗಳು" ಅನ್ನುತ್ತಾನೆ, "ತಿದ್ದರು" ಅನ್ನುತ್ತಾನೆ. ಕನ್ನಡ ಮನೆಯಲ್ಲಿ ಬೆಳೆದ ಐದು ವರ್ಷದ ಮಗುವೂ ಇದನ್ನು ತಪ್ಪುವುದಿಲ್ಲ. ಇದನ್ನು ಬರೆದದ್ದು ಹುಡುಗನಲ್ಲ, ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಡುವ ಎಐ ಯಂತ್ರ ಅನ್ನುವ ಅನುಮಾನ ನನಗೆ ಬಂತು. ಹುಡುಗ ಅದಕ್ಕೆ ಇಂಗ್ಲಿಷಿನಲ್ಲಿ ಏನು ಕೊಟ್ಟಿರಬಹುದು ಅಂತ ಯೋಚಿಸಿದರೆ ವಿಷಯ ತಿಳಿಯಾಗುತ್ತದೆ. ಇಂಗ್ಲಿಷಿನಲ್ಲಿ ಅಜ್ಜಿಗೂ ನಾಲ್ಕು ವರ್ಷದ ತಂಗಿಗೂ ಒಂದೇ "ಷೀ", ಒಂದೇ "ಹರ್". ಅಲ್ಲಿ ಗೌರವವೇ ಬರೆದಿಲ್ಲ, ಕನ್ನಡಕ್ಕೆ ತರುವಾಗ ಎಲ್ಲಿಂದಲೋ ಹುಟ್ಟಿಸಬೇಕು. "ಷೀ" ಕಂಡ ಕಡೆ "ಅವಳು" ಬಂತು. ಆದರೆ ಅಜ್ಜಿ ಅನ್ನುವ ಪದದ ಹಿಂದೆ ಬಹುವಚನದ ಕ್ರಿಯಾಪದಗಳ ದೊಡ್ಡ ಹಿಂಡೇ ಇದೆ, ಅದು ಕೊನೆಯಲ್ಲಿ "ದ್ದರು" ಅಂತ ಎಳೆದುಕೊಂಡಿತು. ಈ ಯಂತ್ರಗಳು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಆಮೇಲೆ ಬರೆಯುವುದಿಲ್ಲ. ತುಣುಕಿನ ಪಕ್ಕ ತುಣುಕು ಪೋಣಿಸುತ್ತಾ ಹೋಗುತ್ತವೆ. ನಮ್ಮ ಉದ್ದದ ಕ್ರಿಯಾಪದ ಅವಕ್ಕೆ ಒಂದು ಪದವಲ್ಲ, ನಾಲ್ಕಾರು ಚೂರು. ಪ್ರತಿ ಚೂರಿಗೂ ಮುಂದಿನದು ಯಾವುದು ಹೊಂದಬಹುದು ಅನ್ನುವ ಲೆಕ್ಕ. ಒಂದೊಂದು ಚೂರಿನ ಲೆಕ್ಕವೂ ಸರಿ ಇದ್ದು, ಕೂಡಿಸಿದ ಮೊತ್ತ ಮಾತ್ರ ತಪ್ಪಾಗಬಹುದು.

ಅದೇ ಪದದಲ್ಲಿ ಇನ್ನೊಂದು ಕಲ್ಲಿದೆ. ಬರವಣಿಗೆಯಲ್ಲಿ ಇದು "ನೋಡಿಕೊಳ್ಳುತ್ತಿದ್ದರು". ಮಾತಿನಲ್ಲಿ, ನಮ್ಮ ಕಡೆ, "ನೋಡ್ಕೊಳ್ತಿದ್ರು". ಬಾಯಿ ಮೂರು ಕಡೆ ಸ್ವರವನ್ನು ನುಂಗುತ್ತದೆ: ಡಿ ಹೋಗಿ ಡ್, ಳ್ಳು ಹೋಗಿ ಳ್, ದ್ದರು ಹೋಗಿ ದ್ರು. ನುಂಗುವ ಬಾಯಿ ಒಂದೇ ಆದ್ದರಿಂದ ಮೂರನ್ನೂ ಒಟ್ಟಿಗೇ ನುಂಗುತ್ತದೆ. ಹುಡುಗನ ಬರಹದಲ್ಲಿದ್ದದ್ದು "ನೋಡಿಕೊಳ್ತಿದ್ದರು". ನಡುವೆ ಒಂದು ಕಡೆ ನುಂಗಿ, ಆಚೆ ಈಚೆ ಎರಡು ಕಡೆ ಪುಸ್ತಕದ ಹಾಗೆ ನಿಂತಿದೆ. ಹೀಗೆ ಬರೆಯುವ ಮನುಷ್ಯರೇ ಇಲ್ಲ ಅಂತ ನಾನು ಹೇಳಲಾರೆ. ಹರಟೆಯ ಧಾಟಿಯಲ್ಲಿ ಬರೆಯುವವರು "ಮಾಡ್ತಿದ್ದರು", "ಹೋಗ್ತಿದ್ದೆವು" ಅಂತ ಹಾಕುತ್ತಾರೆ. ಆದರೆ ಅವರು ಹಾಗೆ ಹಾಕಿದರೆ ಮುಂದಿನ ಪುಟದಲ್ಲೂ ಹಾಕುತ್ತಾರೆ. ಇಲ್ಲಿ ಅದರ ಹಿಂದಿನ ವಾಕ್ಯ "ವಿಶೇಷ ಸ್ಥಾನವನ್ನು ಹೊಂದಿದ್ದಾರೆ" ಅಂತ ಸಭೆಯಲ್ಲಿ ಶಾಲು ಹೊದಿಸಿಕೊಂಡು ಕೂತಿದೆ, ಇದು ಬನಿಯನ್ನಿನಲ್ಲಿ ಅಂಗಳಕ್ಕೆ ಬಂದಿದೆ.

ಇನ್ನು ಅಜ್ಜಿಯ ಮಾತು. "ನೀವು ಏಕೆ ಇಷ್ಟು ಲೇಟಾಗಿ ಬಂದಿದ್ದೀಯಾ" ಅನ್ನುವುದರಲ್ಲಿ ನೀವು ಮತ್ತು ಬಂದಿದ್ದೀಯಾ ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ಅದು ಕಣ್ಣಿಗೆ ಕಾಣುವ ತಪ್ಪು. ನನಗೆ ಹೆಚ್ಚು ಚುಚ್ಚಿದ್ದು ಅದರ ಮುಂದಿನದು: "ಊಟವನ್ನು ತಯಾರಿಸಿದ್ದೀನಿ ಕಣೋ". ವ್ಯಾಕರಣದ ಪ್ರಕಾರ ಇದರಲ್ಲಿ ತಪ್ಪೇ ಇಲ್ಲ. ಆದರೆ "ತಯಾರಿಸು" ಅನ್ನುವ ಕ್ರಿಯಾಪದ ಯಾವತ್ತೂ ಒಲೆಯ ಹತ್ತಿರ ಹೋದದ್ದಲ್ಲ. ಅದು ಪಾಕಪುಸ್ತಕದ್ದು. "ಊಟವನ್ನು" ಅನ್ನುವ ಪೂರ್ತಿ ದ್ವಿತೀಯಾ ವಿಭಕ್ತಿಯೂ ಹಾಗೇ. ಮಾತಿನಲ್ಲಿ ನಾವು "ಊಟ ಮಾಡು", "ನೀರು ಕೊಡು", "ಬಾಗಿಲು ಹಾಕು" ಅನ್ನುತ್ತೇವೆ, ವಿಭಕ್ತಿ ಅಲ್ಲಿ ಬರುವುದೇ ಇಲ್ಲ. ಈ ಎರಡು ಪುಸ್ತಕದ ಪದಗಳಿಗೆ "ದ್ದೀನಿ" ಅನ್ನುವ ಬೆಂಗಳೂರಿನ ಬಾಲ ಅಂಟಿಸಿ, ಮೇಲೆ "ಕಣೋ" ಅಂತ ಒಗ್ಗರಣೆ ಹಾಕಲಾಗಿದೆ. ಆಡುಮಾತು ಬೇಕು ಅಂತ ಹೇಳಿದಾಗ ಯಂತ್ರ ಮಾಡುವ ಕೆಲಸ ಹೆಚ್ಚಾಗಿ ಇದೇ. ಬುಡ ಬರವಣಿಗೆಯದು, ತುದಿ ಮಾತಿನದು. ನಾವು ಮಾತಾಡುವಾಗ ತುದಿಯೊಂದೇ ಬದಲಾಗುವುದಿಲ್ಲ. ಪದವೇ ಬೇರೆ, ಕ್ರಮವೇ ಬೇರೆ, ಎಷ್ಟೋ ಸಲ ಕರ್ತೃವೇ ಮಾಯ.

ಹುಡುಗನಿಗೆ ಫೋನ್ ಮಾಡಿದೆ. ಬೈಯುವ ಉದ್ದೇಶ ಇರಲಿಲ್ಲ. ಇದನ್ನು ನೀನೇ ಬರೆದೆಯಾ ಅಂತಲೂ ಕೇಳಲಿಲ್ಲ. "ಅವತ್ತು ನೀನು ತಡವಾಗಿ ಹೋದಾಗ ಅಜ್ಜಿ ಏನಂದ್ರು?" ಅಂತ ಮಾತ್ರ ಕೇಳಿದೆ. ಅವನು ನಕ್ಕ. "ಏನಂತಾಳೆ ಸಾರ್, 'ಯಾಕ್ಲಾ ಇಷ್ಟೊತ್ತು? ಮುದ್ದೆ ಆರೋಯ್ತು, ಉಣ್ಣು ಬಾ' ಅಂದ್ಲು. ಅಷ್ಟೇ." ಅಷ್ಟೇ! ಇದರಲ್ಲಿ ನೀನು ಇಲ್ಲ, ನಾನು ಇಲ್ಲ, ನಿನಗಾಗಿ ಇಲ್ಲ, ತಯಾರಿಸುವುದಂತೂ ಇಲ್ಲವೇ ಇಲ್ಲ. ಅಜ್ಜಿ ಇದ್ದಾಳೆ.

ಆಮೇಲೆ ಅವನೇ ಹೇಳಿದ. ಮೊದಲು ತಾನೇ ಕನ್ನಡದಲ್ಲಿ ಬರೆಯಲು ಕೂತನಂತೆ. "ಅಜ್ಜಿ ಬೈತಿದ್ಲು" ಅಂತ ಬರೆದು ನೋಡಿದರೆ, ಅಚ್ಚಾಗುವ ಪುಸ್ತಕದಲ್ಲಿ ಅಜ್ಜಿಗೆ ಏಕವಚನ ಹಾಕಿದರೆ ಊರವರು ಏನಂದುಕೊಳ್ಳುತ್ತಾರೋ ಅನ್ನಿಸಿತಂತೆ. "ಅಜ್ಜಿ ಬೈಯುತ್ತಿದ್ದರು" ಅಂತ ತಿದ್ದಿದರೆ ಅದು ಪಕ್ಕದ ಮನೆಯವರ ಅಜ್ಜಿ ಆಯಿತಂತೆ. ಎರಡು ದಿನ ಒದ್ದಾಡಿ, ಇಂಗ್ಲಿಷಿನಲ್ಲಿ ಹತ್ತು ಸಾಲು ಕೊಟ್ಟು ಮೊಬೈಲಿನಲ್ಲಿ ಬರೆಸಿಕೊಂಡನಂತೆ. ನನಗೆ ಅವನ ಮೇಲೆ ಇದ್ದ ಸಣ್ಣ ಸಿಟ್ಟೂ ಇಳಿದುಹೋಯಿತು. ಅವನು ಒದ್ದಾಡಿದ್ದು ನಿಜವಾದ ಕಷ್ಟದ ಮುಂದೆ. ಮನೆಯಲ್ಲಿ ಏಕವಚನ, ಅಚ್ಚಿನಲ್ಲಿ ಬಹುವಚನ ಅನ್ನುವ ಈ ಇಬ್ಬಂದಿ ನಮಗೆಲ್ಲ ಇದ್ದದ್ದೇ ಅಲ್ವಾ? ಅವನು ತೀರ್ಮಾನ ಮಾಡಲಾರದೆ ಬೇರೆಯವರಿಗೆ ಬಿಟ್ಟ. ತೀರ್ಮಾನ ಮಾಡಬೇಕು ಅನ್ನುವುದೇ ಗೊತ್ತಿಲ್ಲದ್ದು ಅದನ್ನು ಬರೆಯಿತು. ಹಾಗಾಗಿ ಒಂದು ವಾಕ್ಯದಲ್ಲಿ ಅವನ ಅಜ್ಜಿ ಬಂದಳು, ಇನ್ನೊಂದರಲ್ಲಿ ಪಕ್ಕದ ಮನೆಯವರ ಅಜ್ಜಿ ಬಂದರು.

ಚಿಕ್ಕಪ್ಪ "ನೀವು" ಅಂದ ಸಂಜೆ

ಹಾಗಂತ ಮನುಷ್ಯರು ಒಂದೇ ವಚನ ಹಿಡಿದು ಕೂರುತ್ತಾರೆ ಅಂತಲ್ಲ. ನಾವು ಬದಲಾಯಿಸುತ್ತಲೇ ಇರುತ್ತೇವೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮತ್ತು ಚಿಕ್ಕಪ್ಪ ಜಮೀನು ಭಾಗ ಮಾಡಿಕೊಂಡರು. (ನಮ್ಮ ಮನೆಯಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಏಕವಚನವೇ. ಇಲ್ಲೂ ಹಾಗೇ ಬರೆಯುತ್ತೇನೆ.) ಚಿಕ್ಕಪ್ಪ ಹುಟ್ಟಿದಾಗಿನಿಂದ ಅಪ್ಪನನ್ನು "ಅಣ್ಣ, ನೀನು" ಅಂತಲೇ ಕರೆದವನು. ಬಾವಿ ಇರುವ ತುಂಡು ಯಾರಿಗೆ ಅನ್ನುವಲ್ಲಿ ಮಾತು ಬಿಗಿಯಾಯಿತು. ಪಂಚಾಯಿತಿಗೆ ಬಂದಿದ್ದ ಹಿರಿಯರು ಎದ್ದು ಹೋದ ಮೇಲೆ ಅಪ್ಪ ಊಟಕ್ಕೆ ಕೂತು, "ನಾಳೆ ಕಲ್ಲು ನೆಡಿಸೋಣ, ಏನಂತೀಯ?" ಅಂದ. ಚಿಕ್ಕಪ್ಪ ಬಾಗಿಲಲ್ಲಿ ನಿಂತು, "ನೀವು ಹೇಳಿದಂಗೆ ಆಗ್ಲಿ" ಅಂದು ಹೊರಟುಹೋದ. ಅಪ್ಪನ ತುತ್ತು ಕೈಯಲ್ಲೇ ನಿಂತಿತು. ಬೈಗುಳ ಬಿದ್ದಿದ್ದರೆ ಅಪ್ಪನೂ ಎರಡು ಬೈದು ಊಟ ಮುಗಿಸುತ್ತಿದ್ದ. ಅವತ್ತು ರಾತ್ರಿ ಅಮ್ಮ ಪಾತ್ರೆ ತೊಳೆಯುತ್ತಾ ಅತ್ತೆಗೆ ಹೇಳಿದ್ದು ಜಗಳದ ವಿಷಯವಲ್ಲ. "ನೀವು ಅಂದ್ಬುಟ್ಟ ಕಣತ್ತೆ" ಅಂತ ಅಷ್ಟೇ ಹೇಳಿದಳು. ಅತ್ತೆಗೆ ಪೂರ್ತಿ ಗೊತ್ತಾಯಿತು.

ಗೌರವ ಕೊಡುವ ಪದವೇ ಅವತ್ತು ಸಂಬಂಧ ಮುರಿಯಿತು. ಉಲ್ಟಾನೂ ಇದೆ. ಬಸ್ಸಿನಲ್ಲಿ ಚಿಲ್ಲರೆಗೆ ಜಗಳ ಶುರುವಾಗುವುದು "ಏನ್ರೀ" ಅಂತ. ಅದು "ಏನೋ" ಆದ ಕ್ಷಣ ಇಡೀ ಬಸ್ಸು ತಿರುಗಿ ನೋಡುತ್ತದೆ. ತಡವಾಗಿ ಎದ್ದ ಮಗನಿಗೆ ತಾಯಿ "ಸಾಹೇಬ್ರಿಗೆ ಕಾಫಿ ಬೇಕಾ?" ಅನ್ನುತ್ತಾಳೆ, ಅಲ್ಲಿ ಬಹುವಚನ ಅಂದರೆ ಸೌಟಿನ ಏಟು. ಕನ್ನಡದಲ್ಲಿ ವಚನ ಬದಲಾಯಿತು ಅಂದರೆ ಏನೋ ನಡೆದಿದೆ ಅಂತ ಅರ್ಥ. ಓದುಗ ಅದನ್ನು ಹಾಗೇ ಓದುತ್ತಾನೆ, ಬೇಡ ಅಂದರೂ. ಅದಕ್ಕೇ ಆ ಅಜ್ಜಿಯ ಬರಹ ನನಗೆ ಅಷ್ಟು ಸುಸ್ತು ಮಾಡಿದ್ದು. ಪ್ರತಿ ಎರಡು ವಾಕ್ಯಕ್ಕೊಮ್ಮೆ ಅಜ್ಜಿ ಮೊಮ್ಮಗನ ನಡುವೆ ಏನೋ ನಡೆದ ಹಾಗೆ ಕಿವಿ ನಿಮಿರುತ್ತಿತ್ತು. ನೋಡಿದರೆ ಏನೂ ನಡೆದಿಲ್ಲ.

"ಕುಮಾರವ್ಯಾಸ ಅವರು"

ಆ ಹುಡುಗನ ಬರಹದ ನಂತರ ಮಿಕ್ಕವನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದೆ. ಒಂದು ಬರಹ ನಮ್ಮ ಹಳೆಗನ್ನಡ, ನಡುಗನ್ನಡದ ಪಾಠಗಳ ನೆನಪಿನದು. ಅದರಲ್ಲಿ "ಕುಮಾರವ್ಯಾಸ ಅವರು ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ತನ್ನ ಕಾವ್ಯವನ್ನು ರಚಿಸಿದರು" ಅಂತ ಇತ್ತು. ವ್ಯಾಕರಣ ಬಲ್ಲವರು "ಅವರು" ಇದ್ದ ಮೇಲೆ "ತನ್ನ" ಆಗದು, "ತಮ್ಮ" ಆಗಬೇಕು ಅಂತ ತಿದ್ದಬಹುದು. ಅದು ಸರಿಯೇ. ಆದರೆ ಆಗಲೂ ವಾಕ್ಯ ಸರಿ ಹೋಗುವುದಿಲ್ಲ. ಕುಮಾರವ್ಯಾಸನಿಗೆ ನಾವು "ಅವರು" ಅನ್ನುವುದಿಲ್ಲ. ಪಂಪ ಹೇಳುತ್ತಾನೆ, ರನ್ನ ಹೇಳುತ್ತಾನೆ, ಕುಮಾರವ್ಯಾಸ ಹಾಡುತ್ತಾನೆ. ಬೇಂದ್ರೆ ಬರೆಯುತ್ತಾರೆ, ಕುವೆಂಪು ಬರೆಯುತ್ತಾರೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ, ಕೃಷ್ಣದೇವರಾಯ ವಿಜಯನಗರ ಆಳಿದ. ನಾಲ್ವಡಿ ಕೃಷ್ಣರಾಜ ಒಡೆಯರು ಮಾತ್ರ ಆಳಿದರು. ಇದನ್ನು ಯಾವ ವ್ಯಾಕರಣದ ಪುಸ್ತಕದಲ್ಲೂ ಓದಿ ಕಲಿತ ನೆನಪು ನನಗಿಲ್ಲ. ತೀರಾ ಹತ್ತಿರದ ಅಮ್ಮನಿಗೆ ಏಕವಚನ, ತೀರಾ ದೂರದ ಪಂಪನಿಗೂ ದೇವರಿಗೂ ಏಕವಚನ, ನಡುವಿನ ದೂರದಲ್ಲಿ ನಿಂತ ಮೇಷ್ಟ್ರಿಗೆ, ಡಾಕ್ಟರಿಗೆ, ಕುವೆಂಪುಗೆ ಬಹುವಚನ. ಹೆಚ್ಚುಕಡಿಮೆ ಹೀಗೆ. ಬಸವಣ್ಣನ ವಿಷಯದಲ್ಲಿ ಜನ ಎರಡು ಥರ: ಕೆಲವರು "ಹೇಳುತ್ತಾನೆ" ಅನ್ನುತ್ತಾರೆ, ಕೆಲವರು "ಹೇಳುತ್ತಾರೆ". ಅದು ಅವರವರ ಭಕ್ತಿ, ಅವರವರ ಸಲಿಗೆ. ಆದರೆ ಮೊದಲ ಪುಟದಲ್ಲಿ ಹಿಡಿದದ್ದನ್ನು ಕೊನೆಯ ಪುಟದವರೆಗೆ ಬಿಡುವುದಿಲ್ಲ.

ಯಂತ್ರಕ್ಕೆ ಈ ದೂರದ ಅಳತೆ ಸಿಕ್ಕಿಲ್ಲ. ಹೆಸರಿನ ಮುಂದೆ "ಅವರು" ಹಾಕಿದರೆ ಕ್ಷೇಮ ಅಂತ ಅಂದುಕೊಂಡ ಹಾಗೆ ಕಾಣುತ್ತದೆ. ಸುದ್ದಿಯ ಕನ್ನಡದಲ್ಲಿ ಸಚಿವರಿಂದ ಹಿಡಿದು ಕ್ರಿಕೆಟ್ ಆಟಗಾರರ ತನಕ ಎಲ್ಲರೂ ಅವರೇ. ಆ ಕನ್ನಡ ಅಂತರ್ಜಾಲದಲ್ಲಿ ರಾಶಿ ಬಿದ್ದಿದೆ. ಮುದ್ದೆ ಆರೋಯ್ತು ಅನ್ನುವ ಕನ್ನಡ ಅಲ್ಲಿ ಎಷ್ಟಿದ್ದೀತು? ಇದ್ದರೂ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಇದ್ದೀನಿ, ಇದೀನಿ, ಇದ್ದಿನಿ, ಇವ್ನಿ. ಆಡುಮಾತಿಗೆ ಕಾಗುಣಿತ ನಿಲ್ಲಿಸಿದವರು ಯಾರೂ ಇಲ್ಲ.

ಇನ್ನೊಂದು ಗುರುತು ನನಗೆ ಸಿಕ್ಕಿದ್ದು ಸಂಚಿಕೆಯಲ್ಲಲ್ಲ, ಅಕ್ಕನ ಮಗಳು ತಂದ ಒಂದು ಕರಪತ್ರದಲ್ಲಿ. ಮಕ್ಕಳನ್ನು ಬೆಳೆಸುವ ಬಗ್ಗೆ ಇತ್ತು. "ಮಗು ಅವರ ಆಟಿಕೆಗಳನ್ನು ಹಂಚಿಕೊಂಡಾಗ ಅವನನ್ನು ಹೊಗಳಿ." ಕನ್ನಡದಲ್ಲಿ ಮಗು ಅಳುತ್ತದೆ, ನಗುತ್ತದೆ, ತನ್ನ ಆಟಿಕೆ ಬಿಸಾಡುತ್ತದೆ. ಅದನ್ನು ಎತ್ತಿಕೊಳ್ಳುತ್ತೇವೆ. ಮಗುವನ್ನು "ಅದು" ಅನ್ನುವುದರಲ್ಲಿ ಎಷ್ಟು ಅಕ್ಕರೆ ಇದೆ ಅಂತ ಬೇರೆಯವರಿಗೆ ಹೇಳಿದರೆ ತಿಳಿಯುವುದು ಕಷ್ಟ. ಇಂಗ್ಲಿಷಿನವರು ಗಂಡೋ ಹೆಣ್ಣೋ ಹೇಳದಿರಲು ಒಂದೇ ಮಗುವಿಗೆ "ದೆಯರ್" ಬಳಸುತ್ತಾರೆ. ಅದು ಇಲ್ಲಿ "ಅವರ" ಆಗಿ, ಮಗು ಇನ್ಯಾರದೋ ಆಟಿಕೆಗಳನ್ನು ಹಂಚಿದ ಹಾಗಾಯಿತು! "ಅವರು ಅವರ ಮನೆಗೆ ಹೋದರು" ಅಂದರೆ ನಮಗೆ ಇಬ್ಬರು ಕಾಣುತ್ತಾರೆ. "ತಮ್ಮ ಮನೆಗೆ" ಅಂದರೆ ಒಬ್ಬರೇ. ನನ್ನ ಅನುಭವದಲ್ಲಿ ಈ "ತಮ್ಮ" "ತನ್ನ"ಗಳೇ ಎಲ್ಲಕ್ಕಿಂತ ಬೇಗ ಗುಟ್ಟು ಬಿಡುತ್ತವೆ. ಕ್ರಿಯಾಪದ ತಿದ್ದಿದವರು ಇವನ್ನು ತಿದ್ದಲು ಮರೆಯುತ್ತಾರೆ.

ನಾನು ತಪ್ಪಿದ್ದು

ಇಷ್ಟೆಲ್ಲ ಕಂಡುಕೊಂಡ ಮೇಲೆ ಸ್ವಲ್ಪ ಜಂಬ ಬಂತು. ಸಂಚಿಕೆಗೆ ಬರೆದವರಲ್ಲಿ ನಮ್ಮೂರಿನ ಸೊಸೆಯೊಬ್ಬರಿದ್ದರು, ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದವರು. ಅವರ ಬರಹದಲ್ಲಿ ಮಕ್ಕಳ ಜೊತೆ ಆಡಿದ ಮಾತುಗಳೂ "ನಾಳೆ ಬರುವಾಗ ಪುಸ್ತಕ ತರಬೇಕು ಆಯ್ತಾ", "ನಾನು ಬೈಯುವುದಿಲ್ಲ, ಹೆದರುವುದು ಎಂತದಕ್ಕೆ" ಅಂತ ಇದ್ದವು. ಪುಸ್ತಕದ ಕ್ರಿಯಾಪದ, ಮಾತಿನ ಬಾಲ. ಸಿಕ್ಕಿಬಿದ್ದರು ಅಂದುಕೊಂಡೆ. ಫೋನ್ ಮಾಡಿ, ಈ ಮಾತುಗಳು ಸ್ವಲ್ಪ ಯಂತ್ರದ ಥರ ಇವೆ ಅಂತ ಸುತ್ತಿ ಬಳಸಿ ಹೇಳಿದೆ. ಆ ಕಡೆಯಿಂದ ಒಂದು ಕ್ಷಣ ಮೌನ. ಆಮೇಲೆ, "ಇಲ್ಲ ಸರ್, ನಾವು ಮಾತಾಡುವುದೇ ಹೀಗೆ. ನನ್ನದು ಪುತ್ತೂರು ಅಲ್ವಾ" ಅಂದರು. ಮನೆಮಾತು ತುಳು. ಕನ್ನಡ ಶಾಲೆಯಲ್ಲಿ ಕಲಿತದ್ದು. ಕರಾವಳಿಯಲ್ಲಿ ಎಷ್ಟೋ ಜನರ ಬಾಯಲ್ಲಿ "ಬರುವುದಿಲ್ಲ", "ಹೋಗುವುದು" ಹಾಗೇ ಉಳಿದಿವೆ. ನಮ್ಮ "ಬರಲ್ಲ", "ಹೋಗೋದು" ಅವರಿಗೆ ಬೇರೆ ಊರಿನ ಮಾತು. ನನ್ನ ಬಾಯಿ ನುಂಗುವುದನ್ನೇ ಕನ್ನಡದ ಬಾಯಿ ಅಂತ ತಿಳಿದಿದ್ದೆ. ಕ್ಷಮೆ ಕೇಳಿದೆ. ಅವರು ನಕ್ಕರು, ಆದರೆ ಸುಮ್ನೆ ನಕ್ಕರು ಅಂತ ಗೊತ್ತಾಯಿತು.

ಮತ್ತೆ ಅವರ ಬರಹ ತೆಗೆದು ಕೊನೆಪದಗಳನ್ನು ಮೇಲಿಂದ ಕೆಳಗೆ ಓದಿದೆ. ಹತ್ತು ಪುಟದಲ್ಲಿ ಒಂದು ಕಡೆಯೂ ಜಾರಿಲ್ಲ. ಮಕ್ಕಳಿಗೆ ನೀನು, ಹೆಡ್‌ಮಾಸ್ತರಿಗೆ ಅವರು, ಗಂಟೆ ಹೊಡೆಯುತ್ತಿದ್ದವರಿಗೂ ಅವರು. (ನಮ್ಮೂರವರೆಲ್ಲ ಆತನನ್ನು "ಅವನು" ಅಂತಲೇ ಬರೆದಿದ್ದರು. ಅದನ್ನು ತಿದ್ದಬೇಕೋ ಬೇಡವೋ ಅಂತ ನಾನು ಒಂದು ರಾತ್ರಿ ಯೋಚಿಸಿ, ತಿದ್ದಿದೆ.) "ಹೆದರುವುದು ಎಂತದಕ್ಕೆ" ಅನ್ನುವುದರಲ್ಲಿ ಬುಡವೂ ತುದಿಯೂ ಒಂದೇ ಊರಿನವು. ಬರವಣಿಗೆಗೆ ಹತ್ತಿರ ಇದೆ ಅನ್ನುವುದು ಗುರುತಲ್ಲ. ಒಂದೇ ಬಾಯಿಂದ ಬಂದಿದೆಯೋ ಇಲ್ಲವೋ ಅಂತ ನೋಡಬೇಕಿತ್ತು. ಅಜ್ಜಿಯ ಬರಹದಲ್ಲಿ ಯಾವ ಊರೂ ಇರಲಿಲ್ಲ.

ಹುಡುಗ ಬರಹವನ್ನು ತಾನೇ ಮತ್ತೆ ಬರೆದ. ಅವನ ತಾಯಿ ಬಹುವಚನವೇ ಇರಲಿ ಅಂದರಂತೆ. ಹಾಗಾಗಿ ಕಥೆ ಹೇಳುವಾಗಲೆಲ್ಲ ಅಜ್ಜಿ ಬಂದರು, ಅಜ್ಜಿ ಹಾಲು ಕರೆದರು, ಅಜ್ಜಿ ಬೈದರು. ಅಜ್ಜಿಯ ಮಾತು ಮಾತ್ರ ಫೋನಿನಲ್ಲಿ ಹೇಳಿದ ಹಾಗೇ. ಕಾಗುಣಿತದ ತಪ್ಪು ಹನ್ನೊಂದು ಇದ್ದವು, ಖುಷಿಯಿಂದ ತಿದ್ದಿದೆ. ಕೊನೆಯ ಪ್ಯಾರಾದಲ್ಲಿ, ಅವನು ಪಿಯುಸಿ ಪರೀಕ್ಷೆ ಮುಗಿಸಿ ಊರಿಗೆ ಬಂದ ದಿನದ ವಿಷಯ ಬರುತ್ತದೆ. ಅಲ್ಲಿ "ನಾನು ಬರುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದಳು" ಅಂತ ಇತ್ತು. ನಾಲ್ಕು ಪುಟದಲ್ಲಿ ಅದೊಂದೇ ಏಕವಚನ. ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಫೋಟೋ ತೆಗೆದು ಕಳಿಸಿ, "ಇದು ತಪ್ಪಿ ಬಂದಿದ್ದಾ?" ಅಂತ ಕೇಳಿದೆ.

"ಇಲ್ಲ ಸಾರ್, ಅದು ಹಂಗೇ ಇರ್ಲಿ" ಅಂತ ಬರೆದ. ಹಂಗೇ ಅಚ್ಚಾಯಿತು.